ಡ್ರಾಯಿಂಗ್ ಕೊಟ್ಟರೆ ಸಿಎನ್‌ಸಿ ಲೇತ್ ತಾನೇ ಶಾಫ್ಟ್ ಮಾಡಿಬಿಡುತ್ತದೆಯೇ?

ಕಬ್ಬಿಣದ ರಾಡ್ ತಿರುಗುತ್ತಿರುತ್ತದೆ, ಮೇಲೆ ಹಾಲಿನಂಥ ಕೂಲೆಂಟ್ ಸುರಿಯುತ್ತಿರುತ್ತದೆ, ಅರ್ಧ ನಿಮಿಷದಲ್ಲಿ ಥಳಥಳಿಸುವ ಶಾಫ್ಟ್ ಹೊರಗೆ ಬರುತ್ತದೆ. ಈ ಬಗೆಯ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದರ ಕೆಳಗೆ ಸಾಮಾನ್ಯವಾಗಿ ಎರಡು ಮಾತು ಇರುತ್ತವೆ. ಒಂದು, 'ಡ್ರಾಯಿಂಗ್ ಕೊಟ್ಟರೆ ಸಾಕು, ಉಳಿದದ್ದು ಮಷಿನ್ ನೋಡಿಕೊಳ್ಳುತ್ತದೆ'. ಇನ್ನೊಂದು, 'ಥ್ರೆಡ್ ಪಕ್ಕದ ಆ ಗ್ರೂವ್ ಬೇಕಾಗಿಲ್ಲ, ಅದರಿಂದ ಶಾಫ್ಟ್ ದುರ್ಬಲವಾಗುತ್ತದೆ'. ಇವು ನಿಜವೇ? ಒಂದು ಶಾಫ್ಟನ್ನೇ ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ.

ನಮ್ಮ ಶಾಫ್ಟ್ ಹೀಗಿದೆ

ರಾಡ್ 35 ಮಿಮೀ ದಪ್ಪ. ಮುಂಭಾಗದ 20 ಮಿಮೀ ಉದ್ದದಲ್ಲಿ ಎಂ20×1.5 ಥ್ರೆಡ್, ಅಂದರೆ 20 ಮಿಮೀ ವ್ಯಾಸ ಮತ್ತು ಪ್ರತಿ ಸುತ್ತಿಗೆ 1.5 ಮಿಮೀ ಮುಂದೆ ಹೋಗುವ ಥ್ರೆಡ್. ಅದರ ಹಿಂದೆ 30 ಮಿಮೀ ಉದ್ದ, 25 ಮಿಮೀ ವ್ಯಾಸದಲ್ಲಿ 6205 ಬೇರಿಂಗ್ ಕೂರುವ ಜಾಗ. ಬೇರಿಂಗ್ ಜಾರದಂತೆ ತಡೆಯಲು ಒಂದು ಸರ್‌ಕ್ಲಿಪ್ ಗ್ರೂವ್. ಕೊನೆಯಲ್ಲಿ 32 ಮಿಮೀ ಶೋಲ್ಡರ್.

ಶಾಫ್ಟಿನ ಮುಂದಿನ ಮುಖವನ್ನು Z0 ಎಂದು ಇಟ್ಟುಕೊಳ್ಳುತ್ತೇವೆ. ಚಕ್ ಕಡೆಗೆ ಹೋದಂತೆ Z ಮೈನಸ್ ಆಗುತ್ತದೆ. X ಎಂದರೆ ವ್ಯಾಸ.

ಮೊದಲು ಗ್ರೂವ್‌ಗಳನ್ನು ಮರೆತುಬಿಡಿ

ಹೊಸಬರು ಮಾಡುವ ಮೊದಲ ತಪ್ಪು ಡ್ರಾಯಿಂಗ್‌ನಲ್ಲಿ ಕಂಡ ಗೆರೆಯನ್ನೆಲ್ಲ ಹಾಗೇ ಪ್ರೋಗ್ರಾಂಗೆ ಇಳಿಸುವುದು. ರಾಡಿನ ದಪ್ಪವನ್ನು ಪದರ ಪದರವಾಗಿ ತೆಗೆಯುವ G71 ಸೈಕಲ್‌ನ ಸಾದಾ ರೂಪದಲ್ಲಿ, ಚಕ್ ಕಡೆಗೆ ಹೋದಂತೆ ವ್ಯಾಸ ಹೆಚ್ಚುತ್ತಲೇ ಹೋಗಬೇಕು, ನಡುವೆ ಇಳಿಯಬಾರದು. ಗ್ರೂವ್ ಬಂತೆಂದರೆ ವ್ಯಾಸ ಇಳಿದಂತೆಯೇ. ಆಗ ಮಷಿನ್ ಅಲಾರಂ ಕೊಟ್ಟು ನಿಲ್ಲುತ್ತದೆ. ಕೆಲವು ಕಂಟ್ರೋಲರ್‌ಗಳು ಇಳಿತವನ್ನು ಒಪ್ಪಿಕೊಂಡರೂ, ಸಾಮಾನ್ಯ ಟರ್ನಿಂಗ್ ಟೂಲ್‌ನ ಆಕಾರ 4 ಮಿಮೀ ಗ್ರೂವ್‌ನೊಳಗೆ ಹಿಡಿಸುವುದೇ ಇಲ್ಲ.

ಹಾಗಾಗಿ ಗ್ರೂವ್‌ಗಳನ್ನು ಬಿಟ್ಟು, ಮೆಟ್ಟಿಲು ಮತ್ತು ಚಾಂಫರ್ ಮಾತ್ರ ಇರುವ ಗೆರೆ ಬರೆಯುತ್ತೇವೆ. ಟೂಲ್ Z2ರಲ್ಲಿ ನಿಂತಿದೆ ಎಂದುಕೊಳ್ಳಿ:

```
N10 G00 X12.85
G01 X19.85 Z-1.5
Z-20.0
X23.0
X25.0 Z-21.0
Z-50.0
X30.0
X32.0 Z-51.0
N20 Z-65.0
```

20 ಇರಬೇಕಾದಲ್ಲಿ 19.85 ಏಕೆ? ಥ್ರೆಡ್ ಕತ್ತರಿಸುವಾಗ ಲೋಹ ಸ್ವಲ್ಪ ಮೇಲಕ್ಕೆ ಉಬ್ಬುತ್ತದೆ. ನಟ್ ಸಲೀಸಾಗಿ ಹೋಗಲೆಂದು ಹೊರವ್ಯಾಸವನ್ನು ಮೊದಲೇ ಸ್ವಲ್ಪ ಕಡಿಮೆ ಇಡುತ್ತಾರೆ. ಈ ಅಳತೆ ಥ್ರೆಡ್‌ಗೆ ಇರುವ ಸಾಮಾನ್ಯ ಮಿತಿಯ ಒಳಗೇ ಇದೆ.

ಚಾಂಫರ್ ಏಕೆ ಚಿಕ್ಕದಾಗಿ ಬರುತ್ತದೆ?

ಚಾಂಫರ್ ಎಂದರೆ ಅಂಚನ್ನು ಓರೆಯಾಗಿ ಕತ್ತರಿಸುವುದು. ಥ್ರೆಡ್ ತುದಿಯಲ್ಲಿ ಅದಿಲ್ಲದಿದ್ದರೆ ನಟ್ ಸರಿಯಾಗಿ ಹಿಡಿಯುವುದಿಲ್ಲ, ಮೊದಲ ಸುತ್ತು ಮುರಿಯುತ್ತದೆ. ಇಲ್ಲಿ ಚಾಂಫರ್ 1.5 ಮಿಮೀ, 45 ಡಿಗ್ರಿ. X ವ್ಯಾಸವಾದ್ದರಿಂದ Z 1.5 ಸರಿದರೆ X ಅದರ ಎರಡರಷ್ಟು, ಅಂದರೆ 3 ಮಿಮೀ ಬದಲಾಗಬೇಕು. ಟೂಲ್ Z2ರಿಂದ Z-1.5ಕ್ಕೆ, ಒಟ್ಟು 3.5 ಮಿಮೀ ಬರುತ್ತದೆ. ಹಾಗಾಗಿ X 7 ಮಿಮೀ ಏರಬೇಕು: 12.85 + 7 = 19.85. ಇದನ್ನು ಮರೆತು 3.5 ಮಾತ್ರ ಏರಿಸಿದರೆ ಕೋನವೇ ಬದಲಾಗುತ್ತದೆ.

ಲೆಕ್ಕ ಸರಿ ಇದ್ದರೂ ಅಳೆದಾಗ ಚಾಂಫರ್ 1.5ರ ಬದಲು ಸುಮಾರು 1 ಮಿಮೀ ಬರಬಹುದು. ಕಾರಣ ಟೂಲ್‌ನ ತುದಿ ಸೂಜಿಯಂತೆ ಚೂಪಾಗಿರುವುದಿಲ್ಲ, 0.8 ಮಿಮೀ ತ್ರಿಜ್ಯದಲ್ಲಿ ಗುಂಡಗಿರುತ್ತದೆ. ನೇರ ಗೆರೆಯಲ್ಲಿ ಇದರಿಂದ ತೊಂದರೆಯಿಲ್ಲ. ಓರೆ ಗೆರೆಯಲ್ಲಿ ಮಾತ್ರ ಆ ಗುಂಡುತುದಿ ಲೋಹದವರೆಗೆ ಪೂರ್ತಿ ತಲುಪದೆ ಸುಮಾರು 0.47 ಮಿಮೀ ಉಳಿಸಿಬಿಡುತ್ತದೆ. ಪ್ರೋಗ್ರಾಂನ ಅಂಕಿಗಳನ್ನು ತಿದ್ದುವುದು ಇದಕ್ಕೆ ಪರಿಹಾರವಲ್ಲ. ಟೂಲ್ ಪುಟದಲ್ಲಿ ತ್ರಿಜ್ಯ ತುಂಬಿ, ಫಿನಿಶ್ ಕಟ್‌ನಲ್ಲಿ G42 ಬಳಸಬೇಕು. ಇಲ್ಲದಿದ್ದರೆ ನಾಳೆ ಬೇರೆ ತ್ರಿಜ್ಯದ ಟೂಲ್ ಹಾಕಿದಾಗ ಅಳತೆ ಮತ್ತೆ ತಪ್ಪುತ್ತದೆ.

ಥ್ರೆಡ್ ಪಕ್ಕದ ಗ್ರೂವ್ ಬೇಕೇ?

ನಮ್ಮ ಶಾಫ್ಟಿನಲ್ಲಿ ನಟ್ 25 ಮಿಮೀ ಮೆಟ್ಟಿಲಿಗೆ ಪೂರ್ತಿ ಅಂಟಿ ಕೂರಬೇಕು. ಥ್ರೆಡ್ ಟೂಲ್ ಮೆಟ್ಟಿಲಿನವರೆಗೆ ಕತ್ತರಿಸುತ್ತಾ ಹೋಗಲಾರದು, ಹೋದರೆ ಡಿಕ್ಕಿ ಹೊಡೆಯುತ್ತದೆ. ಸ್ವಲ್ಪ ಮೊದಲೇ ಎತ್ತಿದರೆ ಕೊನೆಯ ಸುತ್ತುಗಳು ಅರ್ಧಂಬರ್ಧ ಉಳಿಯುತ್ತವೆ, ನಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಟೂಲ್ ಹೊರಬರಲು ಖಾಲಿ ಜಾಗ ಬೇಕು. ಅದೇ ಥ್ರೆಡ್ ರಿಲೀಫ್.

ನಾವು Z-16ರಿಂದ Z-20ರವರೆಗೆ 4 ಮಿಮೀ ಅಗಲ, 17.7 ಮಿಮೀ ವ್ಯಾಸ ಇಟ್ಟಿದ್ದೇವೆ. ಥ್ರೆಡ್ ಟೂಲ್ Z-18ರಲ್ಲಿ, ಗ್ರೂವ್‌ನ ಮಧ್ಯದಲ್ಲಿ ನಿಲ್ಲುತ್ತದೆ. ಹಾಗಾಗಿ ಗ್ರೂವ್ ಮೊದಲು, ಥ್ರೆಡ್ ಆಮೇಲೆ.

ಇದರಿಂದ ಶಾಫ್ಟ್ ದುರ್ಬಲವಾಗುತ್ತದೆಯೇ? ಈ ಥ್ರೆಡ್‌ನ ತಳದ ವ್ಯಾಸವೇ ಸುಮಾರು 18.16 ಮಿಮೀ. ಅಂದರೆ ಅಲ್ಲಿ 20 ಮಿಮೀ ಲೋಹ ಹೇಗೂ ಇಲ್ಲ. 17.7ಕ್ಕೆ ಇಳಿಸಿದಾಗ ಅಡ್ಡಕೊಯ್ತದ ವಿಸ್ತೀರ್ಣ ಕಡಿಮೆಯಾಗುವುದು ಸುಮಾರು 5% ಮಾತ್ರ. ನಿಜವಾದ ಅಪಾಯ ಇರುವುದು ಗ್ರೂವ್‌ನ ತಳದ ಮೂಲೆಯಲ್ಲಿ. ಅದು ಚೂಪಾಗಿದ್ದರೆ ಬಲವೆಲ್ಲ ಅಲ್ಲೇ ಸೇರಿ, ಸಾವಿರಾರು ಸುತ್ತುಗಳ ನಂತರ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಈ ಅಳತೆಯ ಥ್ರೆಡ್‌ಗೆ ಮೂಲೆ ಸುಮಾರು 0.8 ಮಿಮೀ ತ್ರಿಜ್ಯದಲ್ಲಿ ಗುಂಡಗಿರಬೇಕು. ಗ್ರೂವನ್ನು 15 ಮಿಮೀವರೆಗೆ ಆಳ ಮಾಡಿದರೆ ಮಾತ್ರ 'ದುರ್ಬಲ' ಎಂಬ ಮಾತು ನಿಜವಾಗುತ್ತದೆ.

ಗ್ರೂವ್ ಟೂಲ್‌ನ ಅಗಲ ಮರೆತರೆ

ನಮ್ಮ ಟೂಲ್ 3 ಮಿಮೀ ಅಗಲ, ಗ್ರೂವ್ 4 ಮಿಮೀ. ಎರಡು ಸಲ ಇಳಿಸಬೇಕು. ಟೂಲ್‌ನ Z ಅಳತೆಯನ್ನು ಸಾಮಾನ್ಯವಾಗಿ ಚಕ್ ಕಡೆಯ ಅಂಚಿನಿಂದ ಹಿಡಿಯುತ್ತಾರೆ. ಮೊದಲ ಸಲ Z-20ಕ್ಕೆ ಇಳಿಸಿದರೆ -20ರಿಂದ -17ರವರೆಗೆ ಕತ್ತರಿಸುತ್ತದೆ. ಎರಡನೇ ಸಲ Z-19ಕ್ಕೆ ಇಳಿಸಿದರೆ -19ರಿಂದ -16. ಸರಿಹೋಯಿತು.

ಗ್ರೂವ್ Z-16ರಲ್ಲಿ ಶುರು ಎಂದು ಡ್ರಾಯಿಂಗ್ ನೋಡಿ ಎರಡನೇ ಸಲ Z-16ಕ್ಕೇ ಇಳಿಸಿದರೆ? ಟೂಲ್ -13ರವರೆಗೆ ತಿನ್ನುತ್ತದೆ, 3 ಮಿಮೀ ಥ್ರೆಡ್ ಹೋಯಿತು. ತೆಗೆದ ಲೋಹ ಮತ್ತೆ ಬರುವುದಿಲ್ಲ, ಶಾಫ್ಟ್ ನೇರ ಸ್ಕ್ರ್ಯಾಪ್ ಡಬ್ಬಕ್ಕೆ. ಅಲಾರಂ ಮಾತ್ರ ಬರುವುದಿಲ್ಲ. ಮಷಿನ್ ಹೇಳಿದಂತೆ ಮಾಡಿದೆ, ಅಷ್ಟೇ.

ಸರ್‌ಕ್ಲಿಪ್ ಗ್ರೂವ್‌ಗೂ ಇದೇ ಎಚ್ಚರ ಬೇಕು. ಬೇರಿಂಗ್ Z-50ರ ಶೋಲ್ಡರ್‌ಗೆ ತಾಗಿ ಕೂರುತ್ತದೆ. ಅದರ ಅಗಲ 15, ಕ್ಲಿಪ್‌ನ ದಪ್ಪ 1.2. ಹಾಗಾಗಿ ಗ್ರೂವ್‌ನ ಮುಂದಿನ ಗೋಡೆ ಶೋಲ್ಡರ್‌ನಿಂದ 16.2 ಮಿಮೀ ದೂರದಲ್ಲಿ, Z-33.8ರಲ್ಲಿ ಇರಬೇಕು. ಗ್ರೂವ್‌ನ ಅಗಲ 1.3 ಆದ್ದರಿಂದ 1.3 ಮಿಮೀ ಟೂಲನ್ನು ಇಳಿಸಬೇಕಾದದ್ದು Z-35.1ಕ್ಕೆ, 23.9 ಮಿಮೀ ವ್ಯಾಸದವರೆಗೆ. ಗೋಡೆ 0.3 ಮಿಮೀ ಚಕ್ ಕಡೆಗೆ ಸರಿದರೂ ಕ್ಲಿಪ್ ಕೂರುವುದಿಲ್ಲ. ಮುಂದಕ್ಕೆ ಸರಿದರೆ ಬೇರಿಂಗ್ ಅಲುಗಾಡುತ್ತದೆ.

ಹಾಗಾದರೆ ಸತ್ಯ ಏನು?

'ಡ್ರಾಯಿಂಗ್ ಕೊಟ್ಟರೆ ಸಾಕು' ಎಂಬುದು ತಪ್ಪು. ಯಾವ ಗೆರೆ ಯಾವ ಟೂಲಿಗೆ, ಯಾವುದು ಮೊದಲು, ಟೂಲ್‌ನ ಯಾವ ಅಂಚಿನಿಂದ ಲೆಕ್ಕ ಎಂಬುದನ್ನು ಮನುಷ್ಯರೇ ನಿರ್ಧರಿಸಬೇಕು. ಸಾಫ್ಟ್‌ವೇರ್ ಬಳಸಿದರೂ ಅದಕ್ಕೆ ಟೂಲ್‌ನ ಅಗಲ ಮತ್ತು ತ್ರಿಜ್ಯವನ್ನು ಸರಿಯಾಗಿ ತುಂಬುವವರು ಅವರೇ. 'ಗ್ರೂವ್‌ನಿಂದ ಶಾಫ್ಟ್ ದುರ್ಬಲ' ಎಂಬುದು ಅರ್ಧ ಸತ್ಯ. ಸರಿಯಾದ ಆಳ ಮತ್ತು ಗುಂಡು ಮೂಲೆ ಇರುವ ಗ್ರೂವ್ ಬೇಕೇ ಬೇಕು, ಚೂಪು ಮೂಲೆಯ ಗ್ರೂವ್ ಬೇಡ. ಮುಂದಿನ ಸಲ ಆ ವಿಡಿಯೊ ಬಂದಾಗ, ಥ್ರೆಡ್ ಕತ್ತರಿಸುವ ಮೊದಲು ಗ್ರೂವ್ ಬಂತೇ ಎಂದು ಗಮನಿಸಿ ನೋಡಿ.