ಶಟರ್ ಎತ್ತುವ ಮುನ್ನ: ಬೆಂಕಿ ಮತ್ತು ಗಾಳಿಯ ಲೆಕ್ಕ

ಗೋದಾಮಿನಲ್ಲಿ ಹೊಗೆ ಕಂಡೊಡನೆ ಸರಕನ್ನೂ ಲೆಕ್ಕದ ಪುಸ್ತಕಗಳನ್ನೂ ಉಳಿಸಲು ಶಟರ್ ಎತ್ತುವುದು ವ್ಯಾಪಾರಸ್ಥರ ಸಹಜ ಪ್ರವೃತ್ತಿ. ಕೆಲವು ಸಂದರ್ಭಗಳಲ್ಲಿ ನಷ್ಟವನ್ನು ಹಿಗ್ಗಿಸುವುದೇ ಈ ಕ್ರಮವಾಗಿದೆ.

ಹೊಗೆಯನ್ನು ಹೊರಹಾಕುವುದು ಅಗತ್ಯವೆಂಬುದರಲ್ಲಿ ಸಂದೇಹವಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ತಂತಿಗಳ ಶಾಫ್ಟ್‌ನಿಂದ ಹೊಗೆಯು ಮೇಲಿನ ಮಹಡಿಗಳನ್ನು ತುಂಬಿತು. ಜನರು ಗಾಳಿಗಾಗಿ ಗಾಜು ಒಡೆದರು, ಕೆಲವರು ಕೆಳಕ್ಕೆ ಹಾರಿದರು. 9 ಮಂದಿ ಮೃತಪಟ್ಟರು.

ಆದರೆ ಗಾಳಿಯೇ ಬೆಂಕಿಯ ಬಂಡವಾಳವೂ ಹೌದು. ಮುಚ್ಚಿದ ಗೋದಾಮಿನಲ್ಲಿ ಆಮ್ಲಜನಕವು ಶೇ. 21ರಿಂದ ಸುಮಾರು ಶೇ. 15ಕ್ಕೆ ಇಳಿದಾಗ ಜ್ವಾಲೆ ಕುಗ್ಗುತ್ತದೆ. ಬೆಂಕಿ ಆರಿತೆಂದು ತೋರಿದರೂ ಒಳಗೆ ತಾಪವೂ ಉರಿಯದೆ ಉಳಿದ ಅನಿಲಗಳೂ ತುಂಬಿರುತ್ತವೆ. ಬಾಗಿಲು ತೆರೆದರೆ ತಣ್ಣನೆಯ ಗಾಳಿ ಕೆಳಗಿನಿಂದ ನುಗ್ಗಿ, ಒಂದೆರಡು ನಿಮಿಷಗಳಲ್ಲೇ ಇಡೀ ಕೋಣೆ ಹೊತ್ತಿಕೊಳ್ಳಬಹುದು.

ಅಮೆರಿಕದ ಚಾರ್ಲ್ಸ್‌ಟನ್ ನಗರದ ಪೀಠೋಪಕರಣ ಮಳಿಗೆಯೊಂದರಲ್ಲಿ 2007ರ ಜೂನ್ 18ರಂದು ಹೀಗೆಯೇ ಆಯಿತು. ಸರಕು ಇಳಿಸುವ ಕಟ್ಟೆಯ ಬಳಿಯ ಕಸಕ್ಕೆ ತಗುಲಿದ ಬೆಂಕಿಯ ಹೊಗೆ ಹಾಗೂ ಅನಿಲಗಳು ಮಳಿಗೆಯ ತೂಗುಛಾವಣಿಯ ಮೇಲೆ ಸಂಗ್ರಹವಾಗಿದ್ದವು. ಹೊಗೆ ಬಿಡಲು ಮುಂಭಾಗದ ಗಾಜುಗಳನ್ನು ಒಡೆದಾಗ ಗಾಳಿ ನುಗ್ಗಿ, ಜ್ವಾಲೆಯು ಮಳಿಗೆಯನ್ನು ವ್ಯಾಪಿಸಿತು. ಒಳಗಿದ್ದ 9 ಅಗ್ನಿಶಾಮಕ ಸಿಬ್ಬಂದಿ ಅಸುನೀಗಿದರು.

ಆದ್ದರಿಂದ ಅಗ್ನಿಶಾಮಕ ಪರಿಣತರು ಗಾಳಿಯನ್ನು ನೀರಿನೊಂದಿಗೆ ಜೋಡಿಸಿಯೇ ಬಳಸುತ್ತಾರೆ. ಧನಾತ್ಮಕ ಒತ್ತಡದ ವಾತಾಯನವೆಂಬ ವಿಧಾನದಲ್ಲಿ ಮೊದಲು ಬೆಂಕಿಯ ಸ್ಥಾನವನ್ನು ಗುರುತಿಸಿ, ಅದರ ಸಮೀಪ ಹೊಗೆ ಹೊರಹೋಗಲು ಕಿಟಕಿಯೊಂದನ್ನು ತೆರೆಯುತ್ತಾರೆ. ಬಳಿಕ ಪ್ರವೇಶದ್ವಾರದಿಂದ ಕೆಲವು ಅಡಿ ಹಿಂದೆ ದೊಡ್ಡ ಫ್ಯಾನನ್ನು ಇಟ್ಟು, ಅದರ ಗಾಳಿ ಇಡೀ ಬಾಗಿಲನ್ನು ಆವರಿಸುವಂತೆ ಮಾಡುತ್ತಾರೆ. ಒಳಗಿನ ಒತ್ತಡ ಏರಿ ಹೊಗೆ ಕಿಟಕಿಯತ್ತ ಸಾಗುತ್ತದೆ. ಹೊರಹೋಗುವ ದಾರಿಯಿಲ್ಲದಿದ್ದರೆ, ಬೆಂಕಿ ಎಲ್ಲಿದೆಯೆಂದು ತಿಳಿಯದಿದ್ದರೆ ಅಥವಾ ಬೆಂಕಿಗೂ ಕಿಟಕಿಗೂ ನಡುವೆ ಜನರಿದ್ದರೆ ಫ್ಯಾನ್ ಹಚ್ಚುವುದು ಅಪಾಯಕರ. ಹತ್ತಿಯ ಬೇಲುಗಳು ಒಳಗೊಳಗೇ ಕನಲುವಾಗಲೂ ಅದೇ ಮಾತು. ಗಾಳಿಯು ಕಿಡಿಗಳನ್ನು ಪಕ್ಕದ ಬೇಲುಗಳಿಗೆ ಒಯ್ಯುತ್ತದೆ.

ಯಾದಗಿರಿ, ಶಹಾಪುರ, ಸುರಪುರಗಳ ವ್ಯಾಪಾರಸ್ಥರು ಗಮನಿಸಬೇಕಾದ ಲಕ್ಷಣಗಳಿವು: ಜ್ವಾಲೆ ಕಾಣದಿದ್ದರೂ ಶಟರ್ ಸುಡುವಷ್ಟು ಬಿಸಿಯಾಗಿರುವುದು, ಗಾಜು ಮಸಿಗಟ್ಟಿರುವುದು, ಸಂದಿಗಳಿಂದ ದಟ್ಟ ಹೊಗೆ ಉಸಿರಾಡುವಂತೆ ಹೊರಬಂದು ಒಳಸರಿಯುವುದು. ಇವು ಕಂಡಲ್ಲಿ ಶಟರ್ ಎತ್ತದೆ, ಜನರನ್ನು ದೂರ ಸರಿಸಿ, 101 ಅಥವಾ 112ಕ್ಕೆ ಕರೆ ಮಾಡತಕ್ಕದ್ದು. ಒಳಗೆ ಯಾರಾದರೂ ಇದ್ದಾರೆಯೇ, ಹಿಂಬಾಗಿಲು ಎಲ್ಲಿದೆ, ಯಾವ ಸರಕು ಎಲ್ಲಿದೆ ಎಂಬುದನ್ನು ಸಿಬ್ಬಂದಿ ಬಂದೊಡನೆ ತಿಳಿಸತಕ್ಕದ್ದು. ಎಲ್ಲಿ, ಯಾವಾಗ ತೆರೆಯಬೇಕೆಂಬ ಅವರ ನಿರ್ಧಾರವು ಈ ಮಾಹಿತಿಯನ್ನೇ ಅವಲಂಬಿಸಿದೆ.