ಧ್ರುವದ ಬಿಸಿಲು ಎಲ್ಲಿ ಹೋಗುತ್ತದೆ?

ಭೂಮಿಗೆ ಬರುವ ಸೌರಶಕ್ತಿಯನ್ನು 100 ಪಾಲು ಎಂದುಕೊಂಡರೆ, ಸುಮಾರು 30 ಪಾಲು ಮೋಡ, ಗಾಳಿ, ಹಿಮ, ನೆಲಗಳಿಂದ ಪ್ರತಿಫಲಿಸಿ ಹಿಂದಿರುಗುತ್ತದೆ. ಈ ಪ್ರಮಾಣವೇ ಆಲ್ಬಿಡೊ. ಉಳಿದ 70 ಪಾಲನ್ನು ಹೀರಿಕೊಂಡ ಭೂಮಿ ಹೆಚ್ಚುಕಡಿಮೆ ಅಷ್ಟನ್ನೇ ಅವಕೆಂಪು ಕಿರಣಗಳಾಗಿ ಹೊರಬಿಡುತ್ತದೆ.

ಈ ಸಮತೋಲನ ಇಡೀ ಗೋಳದ್ದು, ಒಂದೊಂದು ಪ್ರದೇಶದ್ದಲ್ಲ. ಸಮಭಾಜಕದಲ್ಲಿ ನೆತ್ತಿಯ ಮೇಲಿಂದ ಬೀಳುವಷ್ಟೇ ಬಿಸಿಲು, ಸೂರ್ಯ ದಿಗಂತದಿಂದ 30 ಡಿಗ್ರಿಯಷ್ಟೇ ಮೇಲಿರುವ ಕಡೆ ಎರಡರಷ್ಟು ನೆಲಕ್ಕೆ ಹರಡಿ ಸೊರಗುತ್ತದೆ.

ವಿಚಿತ್ರವೆಂದರೆ, ಜೂನ್ 21ರ ಸುಮಾರಿಗೆ ವಾಯುಮಂಡಲದ ಮೇಲ್ತುದಿಯಲ್ಲಿ ಉತ್ತರ ಧ್ರುವಕ್ಕೆ ದಿನವಿಡೀ ಸಿಗುವ ಬಿಸಿಲು ಸಮಭಾಜಕದ್ದಕ್ಕಿಂತ ಹೆಚ್ಚು. ಅಲ್ಲಿ ಸೂರ್ಯ ಮುಳುಗುವುದೇ ಇಲ್ಲವಲ್ಲ! ಆದರೂ ಚಳಿ ಬಿಡದು. ತಾಜಾ ಹಿಮ ಸುಮಾರು ಶೇ. 80ರಷ್ಟು ಬೆಳಕನ್ನು ಹಿಂದಕ್ಕಟ್ಟುತ್ತದೆ. ಹೀರಿದ್ದರಲ್ಲೂ ಬಹಳಷ್ಟು ಹಿಮ ಕರಗಿಸಲು ಖರ್ಚು. ಸೆಪ್ಟೆಂಬರ್ ಕೊನೆಯಿಂದ ಆರು ತಿಂಗಳು ಬಿಸಿಲೇ ಇಲ್ಲ. ಸಮಭಾಜಕದ ಹೆಚ್ಚುವರಿ ಶಾಖವನ್ನು ಗಾಳಿ, ಸಾಗರಪ್ರವಾಹಗಳು ಅತ್ತ ಸಾಗಿಸದಿದ್ದರೆ ಧ್ರುವಗಳು ಇನ್ನೂ ತಣ್ಣಗಿರುತ್ತಿದ್ದವು.