ರಫ್ ಕಟ್ ತೋರಿಸುವುದಕ್ಕೂ ಒಂದು ಕ್ರಮವಿದೆ

ಶೂಟಿಂಗ್ ಮುಗಿದ ವಿಡಿಯೊ ಯಾವಾಗ ಕೈಗೆ ಸಿಗುತ್ತದೆ ಎಂಬುದು ಎಡಿಟರ್‌ನ ಕೈಚಳಕಕ್ಕಿಂತ ಹೆಚ್ಚಾಗಿ, ಅರ್ಧ ಬೆಂದ ಕೆಲಸವನ್ನು ಯಾರಿಗೆ, ಯಾವಾಗ, ಏನು ಕೇಳಿ ತೋರಿಸುತ್ತೇವೆ ಎನ್ನುವುದನ್ನು ಅವಲಂಬಿಸಿರುತ್ತದೆ. ಇದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ‘ಇನ್ನೊಂದೇ ಒಂದು ಕರೆಕ್ಷನ್’ ಎಂಬ ಮಾತು ಹತ್ತಾರು ಸಲ ಬರುತ್ತದೆ. ಕ್ಲೈಂಟ್ ಹಟಮಾರಿ ಎಂದು ಎಡಿಟರ್ ಬೇಸರಪಡುತ್ತಾನೆ, ಹೇಳಿದ್ದು ಮಾಡಿಕೊಡುವುದಿಲ್ಲ ಎಂದು ಕ್ಲೈಂಟ್ ಬೇಸರಪಡುತ್ತಾರೆ. ಹೆಚ್ಚಿನ ಸಲ ತಪ್ಪು ಇಬ್ಬರದೂ ಅಲ್ಲ, ತೋರಿಸಿದ ರೀತಿಯದು.

ತಾಲ್ಲೂಕು ಕೇಂದ್ರವೊಂದರ ಪತ್ತಿನ ಸಹಕಾರ ಸಂಘಕ್ಕೆ 50 ವರ್ಷ ತುಂಬಿದೆ ಎಂದುಕೊಳ್ಳಿ. ತಿಂಗಳ 30ಕ್ಕೆ ಸುವರ್ಣ ಮಹೋತ್ಸವ, ಅಲ್ಲಿ ತೋರಿಸಲು ಆರು ನಿಮಿಷದ ಚಿತ್ರ ಬೇಕು. ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಸಭಾಂಗಣದ ಪರದೆಯಲ್ಲಿ ಒಮ್ಮೆ ಹಾಕಿ ನೋಡಲು 28ಕ್ಕೆ ಫೈಲ್ ಸಿದ್ಧವಿರಬೇಕು. ಬಣ್ಣ ಹೊಂದಿಸಲು, ಧ್ವನಿ ಹದ ಮಾಡಲು, ಹೆಸರುಗಳನ್ನು ಕೂರಿಸಲು ಹತ್ತು ದಿನ. ಅಂದರೆ 17ರ ಸಂಜೆಗೆ ದೃಶ್ಯಗಳ ಜೋಡಣೆ ಖಾಯಂ ಆಗಬೇಕು. ಇದಕ್ಕೆ ಪಿಕ್ಚರ್ ಲಾಕ್ ಎನ್ನುತ್ತಾರೆ.

ಈ ಲಾಕ್ ಯಾಕೆ ಅಷ್ಟು ಮುಖ್ಯ? ನಮ್ಮಲ್ಲಿ ಇಂಥ ಚಿತ್ರಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 25 ಫ್ರೇಮಿನಂತೆ ಕೂರಿಸುತ್ತಾರೆ. ಎರಡನೇ ನಿಮಿಷದಲ್ಲಿ ನಾಲ್ಕು ಸೆಕೆಂಡಿನ ಒಂದು ವಾಕ್ಯ ತೆಗೆದರೆ ಅದರ ಮುಂದಿನದೆಲ್ಲ 100 ಫ್ರೇಮ್ ಹಿಂದೆ ಸರಿಯುತ್ತದೆ. ರಫ್ ಕಟ್‌ನಲ್ಲಿ ಅದು ಐದು ನಿಮಿಷದ ಕೆಲಸ. ಆದರೆ ಲಾಕ್ ಆದ ಮೇಲೆ ಅದೇ ಚಿತ್ರದ ಧ್ವನಿಪಟ್ಟಿ ಸೌಂಡ್ ಎಂಜಿನಿಯರ್ ಬಳಿ ಇರುತ್ತದೆ, ಶಾಟ್‌ಗಳ ಪಟ್ಟಿ ಬಣ್ಣ ಹೊಂದಿಸುವವರ ಬಳಿ ಇರುತ್ತದೆ, ಸಂಗೀತಗಾರ ಆ ಅಳತೆಗೇ ರಾಗ ಕೂರಿಸಿರುತ್ತಾನೆ. ಮೂವರೂ ತಮ್ಮ ಕೆಲಸವನ್ನು ಹೊಸ ಅಳತೆಗೆ ಹೊಂದಿಸಿಕೊಳ್ಳಬೇಕು. ಕ್ಲೈಂಟ್ ಕಣ್ಣಿಗೆ ಎರಡೂ ಒಂದೇ ‘ಸಣ್ಣ ಕರೆಕ್ಷನ್’. ವ್ಯತ್ಯಾಸವನ್ನು ಕೆಲಸ ಆರಂಭವಾಗುವ ಮೊದಲೇ ಅವರಿಗೆ ಹೀಗೆ ಬಿಡಿಸಿ ಹೇಳಿದರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ.

ನಮ್ಮ ಚಿತ್ರಕ್ಕೆ ಮೂರು ಸುತ್ತು ಸಾಕು. 4ರಂದು ಮೊದಲ ರಫ್ ಕಟ್, 7ರ ಸಂಜೆಯೊಳಗೆ ಅಭಿಪ್ರಾಯ. 11ಕ್ಕೆ ಎರಡನೆಯದು, 13ಕ್ಕೆ ಉತ್ತರ. 16ಕ್ಕೆ ಕೊನೆಯದು, 17ಕ್ಕೆ ಒಪ್ಪಿಗೆ. ಈ ತಾರೀಖುಗಳು ಒಪ್ಪಂದದ ಕಾಗದದಲ್ಲೇ ಇರಬೇಕು. ಒಂದು ಸುತ್ತು ಎಂದರೆ ಏನೆಂಬುದೂ ಅಲ್ಲೇ ಇರಬೇಕು: ಒಬ್ಬರೇ ಕಳಿಸಿದ, ಒಂದೇ ಪಟ್ಟಿ. ಸಂಘದ ಕಾರ್ಯದರ್ಶಿ, ಮ್ಯಾನೇಜರ್, ಇಬ್ಬರು ನಿರ್ದೇಶಕರು ಒಬ್ಬೊಬ್ಬರಾಗಿ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಹಾಕುತ್ತಾ ಹೋದರೆ ಅದು ನಾಲ್ಕು ಸುತ್ತಾಗುತ್ತದೆ. ಸ್ಥಾಪಕರ ಮಾತನ್ನು ಕಡಿಮೆ ಮಾಡಿ ಎಂದು ಒಬ್ಬರು, ಇನ್ನೂ ಬೇಕು ಎಂದು ಇನ್ನೊಬ್ಬರು ಹೇಳಿದಾಗ ತೀರ್ಮಾನ ಸಂಘದ ಕಚೇರಿಯೊಳಗೇ ಆಗಬೇಕು. ಅದನ್ನು ಎಡಿಟರ್ ತಲೆಗೆ ಕಟ್ಟಿದರೆ ಆತ ಎರಡನ್ನೂ ಮಾಡಿ ತೋರಿಸುತ್ತಾನೆ, ವಾರ ಕಳೆದಿರುತ್ತದೆ.

ಮೂರು ಸುತ್ತಿಗೂ ಬೇರೆ ಬೇರೆ ಪ್ರಶ್ನೆಯಿರಬೇಕು ಎನ್ನುವುದು ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವಾಳ. ಮೊದಲ ಸುತ್ತಿನಲ್ಲಿ ಕೇಳುವುದು ಕಥೆಯ ಬಗ್ಗೆ ಮಾತ್ರ: ಹೇಳಬೇಕಾದ್ದು ಬಂದಿದೆಯೇ, ಯಾವುದಾದರೂ ವ್ಯಕ್ತಿ ಅಥವಾ ಘಟ್ಟ ಬಿಟ್ಟುಹೋಗಿದೆಯೇ, ಕ್ರಮ ಸರಿಯಿದೆಯೇ. ಎರಡನೆಯದರಲ್ಲಿ ವೇಗ, ಶಾಟ್‌ಗಳ ಆಯ್ಕೆ, ನಿರೂಪಣೆಯ ಮಾತು. ಮೂರನೆಯದರಲ್ಲಿ ತಪ್ಪುಗಳು ಮಾತ್ರ: ಹೆಸರು, ಹುದ್ದೆ, ಇಸವಿ, ಲೋಗೊ. ‘ಹೇಗಿದೆ ನೋಡಿ ಹೇಳಿ’ ಎಂದು ಕಳಿಸಿದರೆ ಮೊದಲ ದಿನವೇ ಅಕ್ಷರದ ಬಣ್ಣದ ಚರ್ಚೆ ಶುರುವಾಗುತ್ತದೆ. ಕಥೆಯ ದೊಡ್ಡ ಕೊರತೆ ಕೊನೆಯ ವಾರದಲ್ಲಿ ಕಾಣಿಸಿಕೊಳ್ಳುತ್ತದೆ.

ಮೊದಲ ರಫ್ ಕಟ್ ಅನ್ನು ಲಿಂಕ್ ಆಗಿ ಕಳಿಸದೆ ಎದುರು ಕೂತು ತೋರಿಸುವುದು ಒಳ್ಳೆಯದು. ಕೊನೆಯ ಮಾತು ಯಾರದೋ ಅವರು, ಇಲ್ಲಿ ಸಂಘದ ಅಧ್ಯಕ್ಷರು, ಆ ದಿನ ಇರಲೇಬೇಕು. ಮೂರನೇ ಸುತ್ತಿನಲ್ಲಿ ಮೊದಲ ಬಾರಿ ನೋಡುವ ಅಧ್ಯಕ್ಷರು ಮೊದಲ ಸುತ್ತಿನ ಪ್ರಶ್ನೆಗಳನ್ನೇ ಕೇಳುತ್ತಾರೆ. ಅದು ಅವರ ತಪ್ಪಲ್ಲ. ತೋರಿಸುವ ಮೊದಲು ಹೇಳಿಬಿಡಬೇಕು: ಚಿತ್ರ ಮಂಕಾಗಿ ಕಾಣುತ್ತದೆ, ಬಣ್ಣದ ಕೆಲಸ ಬಾಕಿಯಿದೆ, ನಿರೂಪಣೆಯ ದನಿ ತಾತ್ಕಾಲಿಕ, ಸಂಗೀತವೂ ತಾತ್ಕಾಲಿಕ. ಈ ಕೊನೆಯದರ ಬಗ್ಗೆ ಸ್ವಲ್ಪ ಹೆಚ್ಚೇ ಎಚ್ಚರ ಬೇಕು. ಸ್ಟ್ಯಾನ್ಲಿ ಕುಬ್ರಿಕ್ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಎಡಿಟಿಂಗ್ ವೇಳೆ ತಾತ್ಕಾಲಿಕವಾಗಿ ಹಾಕಿಕೊಂಡ ಶಾಸ್ತ್ರೀಯ ಸಂಗೀತಕ್ಕೇ ಮನಸೋತು, ಅಲೆಕ್ಸ್ ನಾರ್ತ್ ಸಂಯೋಜಿಸಿದ ಸಂಗೀತವನ್ನು ಕೈಬಿಟ್ಟರು, ಚಿತ್ರ 1968ರಲ್ಲಿ ಹಾಗೆಯೇ ತೆರೆಕಂಡಿತು. ಹಕ್ಕು ಕೊಳ್ಳಲಾಗದ ಸಿನಿಮಾ ಹಾಡನ್ನು ರಫ್ ಕಟ್‌ಗೆ ಹಾಕಿದರೆ ಸಂಘದವರೂ ಅದನ್ನೇ ಬಯಸುತ್ತಾರೆ. ಕೊಳ್ಳಲು ಸಾಧ್ಯವಿರುವ ಸಂಗೀತವನ್ನೇ ಹಾಕುವುದು ಜಾಣತನ.

ಒಂದು ಸಲ ನಿಲ್ಲಿಸದೆ ಪೂರ್ತಿ ನೋಡಬೇಕು, ಎರಡನೇ ಸಲ ಟಿಪ್ಪಣಿ. ಪರದೆಯ ಮೂಲೆಯಲ್ಲಿ ಟೈಮ್‌ಕೋಡ್ ಓಡುತ್ತಿರಬೇಕು, ಪ್ರತಿ ಟಿಪ್ಪಣಿಯ ಮುಂದೆ ಆ ಅಂಕಿ ಬರೆದಿರಬೇಕು. ಫೈಲ್‌ನ ಹೆಸರು `SANGHA_RC1`, ಮುಂದಿನದು `SANGHA_RC2`. ಯಾವ ಪ್ರತಿ ನೋಡಿ ಬರೆದದ್ದು ಎಂಬ ಗೊಂದಲ ಆಗ ಇರುವುದಿಲ್ಲ.

ಬಂದ ಟಿಪ್ಪಣಿಯನ್ನು ಓದುವುದೂ ಒಂದು ಕಲೆ. ಕಾರ್ಯದರ್ಶಿಯವರು ‘02:14, ಇಲ್ಲಿ ಬೋರ್ ಹೊಡೆಯುತ್ತೆ, ಈ ರೈತರನ್ನು ತೆಗೆಯಿರಿ’ ಎಂದು ಬರೆದಿದ್ದಾರೆ ಎನ್ನಿ. ಆ ರೈತರ ಮಾತು ಚೆನ್ನಾಗಿಯೇ ಇದೆ. ಹಿಂದೆ ಹೋಗಿ ನೋಡಿದರೆ 01:20ರಲ್ಲಿ ಮ್ಯಾನೇಜರ್, 01:48ರಲ್ಲಿ ಹಳೆಯ ಸದಸ್ಯೆಯೊಬ್ಬರು, ಇಬ್ಬರೂ ಸಾಲ ಸುಲಭವಾಗಿ ಸಿಕ್ಕಿತು ಎಂಬುದನ್ನೇ ಹೇಳಿದ್ದಾರೆ. ರೈತರು ಅದನ್ನು ಮೂರನೇ ಸಲ ಹೇಳುವ ಹೊತ್ತಿಗೆ ನೋಡುವವರ ಕಿವಿ ಸೋತಿರುತ್ತದೆ. ತೆಗೆಯಬೇಕಾದ್ದು ಮ್ಯಾನೇಜರ್ ಮಾತನ್ನು. ‘ಇಲ್ಲಿ ಬೇಸರ ಬಂತು’ ಎಂಬ ಅನುಭವ ಯಾವಾಗಲೂ ನಿಜ, ಜೊತೆಗೆ ಕೊಟ್ಟ ಪರಿಹಾರ ನಿಜವಾಗಿರಬೇಕೆಂದಿಲ್ಲ. ಆದ್ದರಿಂದ ಪರಿಹಾರಕ್ಕಿಂತ ತೊಂದರೆಯನ್ನು ಬರೆದು ಕಳಿಸಿ ಎಂದು ಮೊದಲೇ ಕೇಳಿಕೊಳ್ಳಬೇಕು. ಹೇಳಿದ್ದನ್ನು ಕುರುಡಾಗಿ ಮಾಡಿಕೊಟ್ಟರೆ ಬೇಸರ 02:40ಕ್ಕೆ ಜರುಗುತ್ತದೆ ಅಷ್ಟೇ, ಇನ್ನೊಂದು ಸುತ್ತು ಹುಟ್ಟಿಕೊಳ್ಳುತ್ತದೆ.

ಪಟ್ಟಿ ಬಂದ ದಿನವೇ ಪ್ರತಿ ಸಾಲಿಗೂ ಉತ್ತರ ಬರೆದು ವಾಪಸು ಕಳಿಸಬೇಕು. ನಮ್ಮ ತಪ್ಪಿದ್ದರೆ ಹಣವಿಲ್ಲದೆ ಸರಿಪಡಿಸುತ್ತೇವೆ. ಒಪ್ಪಿದ ಕೆಲಸದೊಳಗಿನ ಬದಲಾವಣೆ ಈ ಸುತ್ತಿನಲ್ಲೇ ಆಗುತ್ತದೆ. ಹೊಸ ಬೇಡಿಕೆಯಿದ್ದರೆ, ಉದಾಹರಣೆಗೆ ಹೊಸ ಶಾಖೆಯನ್ನು ಶೂಟ್ ಮಾಡಿ ಸೇರಿಸಿ ಎಂದರೆ, ಎಷ್ಟು ದಿನ, ಎಷ್ಟು ಹಣ ಎಂದು ಬರೆದು, ಒಪ್ಪಿಗೆ ಬಂದ ಮೇಲೆ ಕೈಹಾಕುವುದು. ಮೊದಲ ಸುತ್ತಿನಲ್ಲಿ ಒಪ್ಪಿದ ಕಥೆಯ ಕ್ರಮವನ್ನು ಎರಡನೆಯದರಲ್ಲಿ ಮತ್ತೆ ಕೆದಕಿದರೆ ಅದೂ ಈ ಲೆಕ್ಕಕ್ಕೇ ಬರುತ್ತದೆ.

ಅಭಿಪ್ರಾಯ ತಡವಾದರೆ? ಸಾಮಾನ್ಯ ಚಿತ್ರಗಳಲ್ಲಿ ಒಂದು ದಿನ ತಡಕ್ಕೆ ಒಂದು ದಿನ ಮುಂದಕ್ಕೆ. ಇಲ್ಲಿ 30 ಕದಲುವುದಿಲ್ಲ. ಹಾಗಾಗಿ 7ರ ಪಟ್ಟಿ 10ಕ್ಕೆ ಬಂದರೆ ಎರಡನೇ ಮತ್ತು ಮೂರನೇ ಸುತ್ತು ಒಂದಾಗುತ್ತವೆ ಎಂದು ಕಾಗದದಲ್ಲಿ ಬರೆದಿರಬೇಕು. ತಡವಾದ ದಿನ ಅದನ್ನು ಮೊದಲ ಬಾರಿ ಹೇಳಿದರೆ ಬೆದರಿಸಿದಂತೆ ಕೇಳಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಲಾಕ್ ಆದ ಮೇಲೆ ತಳ್ಳಿಹಾಕಲಾಗದ ಬೇಡಿಕೆ ಬರಬಹುದು. 20ರಂದು ಅಧ್ಯಕ್ಷರು ಫೋನ್ ಮಾಡಿ, ಸಂಘ ಕಟ್ಟಿದ ಹಿರಿಯರೊಬ್ಬರ ಹಳೆಯ ಫೋಟೊ ಅವರ ಮನೆಯವರ ಬಳಿ ಈಗ ಸಿಕ್ಕಿದೆ, ಹೇಗಾದರೂ ಸೇರಿಸಿ ಎನ್ನುತ್ತಾರೆ. ಅದನ್ನು ಬೇಡವೆನ್ನುವುದು ಸರಿಯಲ್ಲ, ಹಾಗೆಂದು ಐದು ಸೆಕೆಂಡ್ ಹೊಸದಾಗಿ ತುರುಕಿದರೆ ಧ್ವನಿಯ ಕೆಲಸವೆಲ್ಲ ಮತ್ತೆ ಹೊಂದಿಸಬೇಕಾಗುತ್ತದೆ. ನಿರೂಪಣೆಯಲ್ಲಿ ಆ ಹಿರಿಯರ ಹೆಸರು ಬರುವಲ್ಲಿ ಕಚೇರಿಯ ಹೊರನೋಟದ ಐದು ಸೆಕೆಂಡಿನ ಶಾಟ್ ಒಂದಿದೆ. ಅದನ್ನು ತೆಗೆದು, ಅದೇ ಜಾಗಕ್ಕೆ ಸರಿಯಾಗಿ 125 ಫ್ರೇಮ್‌ನಷ್ಟೇ ಫೋಟೊ ಇಟ್ಟರೆ ಮಾತು, ಸಂಗೀತ ಯಾವುದೂ ಕದಲುವುದಿಲ್ಲ. ಬಣ್ಣ ಹೊಂದಿಸುವವರಿಗೆ ಒಂದೇ ಚಿತ್ರದ ಕೆಲಸ, ಸೌಂಡ್ ಎಂಜಿನಿಯರ್‌ಗೆ ಫೋನ್ ಮಾಡುವ ಅಗತ್ಯವೂ ಇಲ್ಲ.